ಒಂದೇ ಕಾಗದ ಕಳ್ಸಿ ‘ತಾಳೆ ನೋಡ್ರಿ’ ಅಂದ್ರೆ ಹೆಂಗ?

ಕೊಟ್ಟೂರಿನ ತೇರು ಮುಗಿದ ಮರುವಾರ ನನ್ನ ಫೋನಿಗೆ ಬಿಡುವಿಲ್ಲ. ಬೆಂಗಳೂರು, ಹೈದರಾಬಾದ್, ಪುಣೆಯಿಂದ ಜಾತ್ರೆಗೆ ಬಂದ ಮಕ್ಕಳು ಮಂಡಕ್ಕಿ ಮಿರ್ಚಿ ತಿಂದು, ಅಪ್ಪನ ಜೊತೆ ಹೊಲಕ್ಕೆ ಒಂದು ಸುತ್ತು ಹೋಗಿ, ಮನೆಯ ಟ್ರಂಕಿನಲ್ಲಿರೋ ಹಳೇ ಕಾಗದ ನೋಡಿ ವಾಪಸ್ ಹೋಗಿರ್ತಾರೆ. ಆಮೇಲೆ ಶುರುವಾಗುತ್ತೆ ವಾಟ್ಸಾಪ್. ‘ಮಾವ, ಇದನ್ನ ಅಜ್ಜನ ಕ್ರಯಪತ್ರದ ಜೊತೆ ತಾಳೆ ನೋಡ್ರಿ. ಎಲ್ಲಾ ಸರಿ ಐತಾ?’ ಅದರ ಕೆಳಗೆ ಒಂದು ಪಿಡಿಎಫ್. ಒಂದೇ ಒಂದು. ಅಜ್ಜನ ಕ್ರಯಪತ್ರ ಎಲ್ಲಿ? ಅದು ಟ್ರಂಕಿನಲ್ಲಿದೆ. ಟ್ರಂಕು ಕೊಟ್ಟೂರಿನಲ್ಲಿದೆ. ಕೇಳುವವರು ವೈಟ್‌ಫೀಲ್ಡಿನಲ್ಲಿದ್ದಾರೆ.

ನಾನು ದಸ್ತಾವೇಜು ಬರೆಯುವ ಕೆಲಸದವನು. ಇಂಥ ಮೆಸೇಜು ನನಗೆ ಹೊಸದಲ್ಲ, ಕಳಿಸುವವರು ದಡ್ಡರೂ ಅಲ್ಲ. ಎರಡನ್ನೂ ಕಣ್ಣಾರೆ ನೋಡಿರುತ್ತಾರೆ, ಹಾಗಾಗಿ ಎರಡೂ ನಮ್ಮ ನಡುವೆ ಇವೆ ಅನ್ನಿಸಿಬಿಡುತ್ತೆ. ಕೆಲವರು ‘ಎರಡೂ ಕಳ್ಸೀನಿ’ ಅಂತಲೇ ಹೇಳ್ತಾರೆ. ತೆಗೆದು ನೋಡಿದರೆ ಎರಡು ವರ್ಷದ ಪಹಣಿ, ಅಥವಾ ಒಂದೇ ಪತ್ರದ ಹಿಂದು ಮುಂದು. ಇನ್ನು ಕೆಲವರು ಕ್ರಯಪತ್ರದ ಮೊದಲ ಪುಟ ಮಾತ್ರ ಕಳಿಸ್ತಾರೆ. ಮೊದಲ ಪುಟದಲ್ಲಿ ಛಾಪಾ ಕಾಗದದ ಚಿತ್ರ, ಮಾರಿದವರ ಹೆಸರು, ಕೊಂಡವರ ಹೆಸರು ಇರುತ್ತೆ. ಆಸ್ತಿಯ ವಿವರ, ಅಂದರೆ ಷೆಡ್ಯೂಲು, ಇರೋದು ಕೊನೆಗೆ. ಷೆಡ್ಯೂಲು ಬರದಿದ್ದರೆ ತಾಳೆ ನೋಡುವವನ ಪಾಲಿಗೆ ಆ ಪತ್ರ ಬಂದಿಲ್ಲ ಅಂತಲೇ ಲೆಕ್ಕ.

ಇದರಿಂದ ಏನಾಗುತ್ತೆ ಅನ್ನೋದಕ್ಕೆ ಒಂದು ಮನೆಯ ವಿಷಯ ಹೇಳ್ತೀನಿ. ಹೆಸರು ಬೇಡ, ಸರ್ವೆ ನಂಬರೂ ಬೇಡ.

ಅಜ್ಜ 1971ರಲ್ಲಿ ಕೊಂಡ ಹೊಲ. ಅಜ್ಜ ತೀರಿಕೊಂಡ ಮೇಲೆ ಅದು ಇಬ್ಬರು ಗಂಡುಮಕ್ಕಳ ಹೆಸರಿಗೆ ಜಂಟಿಯಾಗಿ ಬಂದಿತ್ತು. ಹಿರಿಯವರ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ. ಕಿರಿಯವರು ಊರಲ್ಲೇ ಇದ್ದು ಉಳುಮೆ ಮಾಡುವವರು. ಇಬ್ಬರೂ ಭಾಗ ಮಾಡಿಕೊಳ್ಳೋಣ ಅಂತ ಒಪ್ಪಿ, ದಾವಣಗೆರೆಯ ಒಬ್ಬ ವಕೀಲರ ಹತ್ತಿರ ಪಾಲು ವಿಭಾಗ ಪತ್ರದ ಕರಡು ಮಾಡಿಸಿದ್ದರು. ಹುಡುಗಿ ನನಗೆ ಕಳಿಸಿದ್ದು ಆ ಕರಡು. ಜೊತೆಗೆ ಬಂದ ಮೆಸೇಜು ಹೀಗಿತ್ತು: ‘ಮಾವ, ಇದ್ರಾಗ ಒಟ್ಟು 2 ಎಕರೆ 8 ಗುಂಟೆ ಅಂತೈತಿ. ಅಜ್ಜನ ಪತ್ರದಾಗ 2 ಎಕರೆ 20 ಇತ್ತು. ನಾನೇ ನೋಡೀನಿ. ಹನ್ನೆರಡು ಗುಂಟೆ ಎಲ್ಲಿ ಹೋತು? ಚಿಗಪ್ಪನ್ನ ಕೇಳ್ಬೇಕು ಅಂತ ಮಾಡೀನಿ.’

ಹನ್ನೆರಡು ಗುಂಟೆ ಅಂದರೆ ಸಣ್ಣ ಮಾತಲ್ಲ. ಒಂದು ಗುಂಟೆಗೆ 1,089 ಚದರಡಿ. ಹನ್ನೆರಡಕ್ಕೆ 13,068. ಮೂವತ್ತು ನಲವತ್ತರ ಸೈಟಿನ ಲೆಕ್ಕದಲ್ಲಿ ಹೆಚ್ಚೂಕಡಿಮೆ ಹನ್ನೊಂದು ಸೈಟಿನಷ್ಟು ಜಾಗ. ಊರಲ್ಲಿದ್ದು ಹೊಲ ನೋಡಿಕೊಳ್ಳುವವರು ಚಿಗಪ್ಪ, ಕರಡು ಮಾಡಿಸಲು ಓಡಾಡಿದವರೂ ಅವರೇ. ಆ ಒಂದು ಪ್ರಶ್ನೆ ಅವರ ಕಿವಿಗೆ ಬಿದ್ದಿದ್ದರೆ ಮುಂದಿನ ಜಾತ್ರೆಗೆ ಆ ಎರಡು ಮನೆಯವರು ಒಟ್ಟಿಗೆ ಊಟಕ್ಕೆ ಕೂರುತ್ತಿರಲಿಲ್ಲ.

ನನ್ನ ಕೈಲಿದ್ದದ್ದು ಕರಡು ಮಾತ್ರ. ಅದರಿಂದ ಎಷ್ಟು ಹೇಳಬಹುದೋ ಅಷ್ಟನ್ನು ಮೊದಲು ನೋಡಿದೆ. ಹಿರಿಯವರಿಗೆ ಪಶ್ಚಿಮದ ಭಾಗ 1 ಎಕರೆ 4 ಗುಂಟೆ, ಕಿರಿಯವರಿಗೆ ಪೂರ್ವದ ಭಾಗ 1 ಎಕರೆ 4 ಗುಂಟೆ. ಕೂಡಿದರೆ 2 ಎಕರೆ 8 ಗುಂಟೆ, ಲೆಕ್ಕ ಕೂಡುತ್ತೆ. ಒಬ್ಬರ ಪೂರ್ವದ ಚೆಕ್ಕುಬಂದಿ ಇನ್ನೊಬ್ಬರ ಭಾಗ, ಇನ್ನೊಬ್ಬರ ಪಶ್ಚಿಮದ ಚೆಕ್ಕುಬಂದಿ ಇವರ ಭಾಗ. ಅದೂ ಕೂಡುತ್ತೆ. ಹೆಸರು, ತಂದೆಯ ಹೆಸರು, ವಯಸ್ಸು ಎಲ್ಲ ಕಡೆ ಒಂದೇ ಥರ ಇತ್ತು. ಒಂದು ಕಾಗದ ತನ್ನೊಳಗೆ ತಾನು ಸರಿಯಿದೆಯಾ ಅನ್ನೋದನ್ನ ಆ ಕಾಗದವೇ ಹೇಳುತ್ತೆ. ಈ ಕರಡು ತನ್ನ ಮಟ್ಟಿಗೆ ಸರಿಯಿತ್ತು.

ಆದರೆ ಎರಡು ವಿಷಯ ಕಣ್ಣಿಗೆ ಚುಚ್ಚಿದವು. ಒಂದು, ‘ಸದರಿ ಸ್ವತ್ತು ನಮ್ಮ ತಂದೆಯವರಿಗೆ ಕ್ರಯದ ಮೂಲಕ ಬಂದಿರುತ್ತದೆ’ ಅಂತ ಬರೆದಿತ್ತೇ ಹೊರತು ಆ ಕ್ರಯಪತ್ರದ ನಂಬರೂ ಇಲ್ಲ, ತಾರೀಖೂ ಇಲ್ಲ. ಹಳೇ ಪತ್ರ ಮುಂದಿಟ್ಟುಕೊಂಡು ಬರೆಯುವವರು ನೋಂದಣಿ ನಂಬರು ಹಾಕದೆ ಬಿಡೋದು ಕಮ್ಮಿ. ಹಾಗಾಗಿ ಕರಡು ಬರೆದವರೂ ಅಜ್ಜನ ಪತ್ರ ನೋಡಿಲ್ಲ ಅನ್ನೋ ಅನುಮಾನ ಬಂತು. ಎರಡು, ಪಶ್ಚಿಮದ ಭಾಗದ ನಾಲ್ಕೂ ದಿಕ್ಕಿಗೆ ಹೊಲಗಳೇ. ರಸ್ತೆ ಇಲ್ಲ, ದಾರಿ ಇಲ್ಲ. ಹಾಗಾದರೆ ಆ ಭಾಗಕ್ಕೆ ಬಂಡಿ, ಟ್ರ್ಯಾಕ್ಟರ್ ಹೋಗೋದು ಎಲ್ಲಿಂದ? ಕರಡು ಈ ಪ್ರಶ್ನೆ ಎಬ್ಬಿಸುತ್ತೆ. ಉತ್ತರ ಅದರೊಳಗೆ ಇಲ್ಲ.

ಹುಡುಗಿಗೆ ಫೋನ್ ಮಾಡಿದೆ. ‘ಕರಡು ಬಂತವ್ವ, ನಾಲ್ಕು ಪುಟ. ಕ್ರಯಪತ್ರ ಬಂದಿಲ್ಲ. ನೀ ಹೇಳಿದ 2 ಎಕರೆ 20 ಅಂದ್ರ, 20 ಏನು?’

‘ಏನು ಅಂದ್ರ? ಗುಂಟೆ ಅಲ್ಲೇನ್ರಿ?’

‘ಗುಂಟೆ ಅಂತ ಬರ್ದಿತ್ತೋ, ನೀ ಅಂದ್ಕೊಂಡಿಯೋ?’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘2-20 ಅಂತಿತ್ತು ಮಾವ. ಮುಂದಿನ ಅಕ್ಷರ ನೆನಪಿಲ್ಲ.’

ಇಲ್ಲಿ ನಮ್ಮ ಸೀಮೆಯ ಒಂದು ವಿಷಯ ಹೇಳಬೇಕು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವೆಲ್ಲ ಬಳ್ಳಾರಿ ಜಿಲ್ಲೆಯ ಜೊತೆ 1953ರ ಅಕ್ಟೋಬರ್ 1ರ ತನಕ ಮದ್ರಾಸಿಗೆ ಸೇರಿದ್ದವು. ಮದ್ರಾಸ್ ಕಡೆ ಜಮೀನಿನ ಲೆಕ್ಕ ಎಕರೆ ಮತ್ತು ಸೆಂಟಿನಲ್ಲಿ. ಹಳೇ ಮೈಸೂರಿನ ಕಡೆ ಎಕರೆ ಮತ್ತು ಗುಂಟೆಯಲ್ಲಿ. ಆಡಳಿತ ಬದಲಾದರೂ ಸೆಂಟು ನಮ್ಮ ಕಡೆಯ ಜನರ ಬಾಯಲ್ಲಿ ಉಳಿಯಿತು, ಪತ್ರಗಳಲ್ಲೂ ಉಳಿಯಿತು. ಪಕ್ಕದ ಚಿತ್ರದುರ್ಗ, ದಾವಣಗೆರೆ ಕಡೆ ಬರೆಯುವವರ ಕೈಗೆ ಗುಂಟೆಯೇ ಬರುತ್ತೆ. ಬೆಂಗಳೂರಿನಲ್ಲಿ ಬೆಳೆದ ಮಕ್ಕಳ ಕಿವಿಗೂ ಗುಂಟೆಯೇ.

ಒಂದು ಎಕರೆಗೆ 40 ಗುಂಟೆ. ಅದೇ ಎಕರೆಗೆ 100 ಸೆಂಟು. ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟು. ಈಗ 20 ಸೆಂಟನ್ನು ಎರಡೂವರೆಯಿಂದ ಭಾಗಿಸಿ. ಎಂಟು ಗುಂಟೆ.

ಅಜ್ಜನ ಪತ್ರದಲ್ಲಿ ಇದ್ದದ್ದು ಸೆಂಟಾಗಿದ್ದರೆ 2 ಎಕರೆ 20 ಸೆಂಟು ಅನ್ನೋದೂ 2 ಎಕರೆ 8 ಗುಂಟೆ ಅನ್ನೋದೂ ಒಂದೇ, ಒಂದಡಿಯೂ ಕಮ್ಮಿಯಾಗಿಲ್ಲ. ಗುಂಟೆಯಾಗಿದ್ದರೆ ಅವಳ ಅನುಮಾನ ನಿಜ. ಚಿಗಪ್ಪ ಕಳ್ಳರೋ ಅಲ್ಲವೋ ಅನ್ನೋದು ಅವಳು ಮರೆತ ಆ ಒಂದು ಪದದ ಮೇಲೆ ನಿಂತಿತ್ತು. ಎರಡನೇ ಕಾಗದ ಕೈಲಿಲ್ಲದೆ ‘ತಾಳೆ’ ನೋಡಿದರೆ ನಾವು ತಾಳೆ ನೋಡೋದು ಒಂದು ಕಾಗದವನ್ನೂ ಒಬ್ಬರ ನೆನಪನ್ನೂ. ನೆನಪಿನಲ್ಲಿ ಅಂಕಿ ಉಳಿಯುತ್ತೆ, ಅದರ ಮುಂದಿನ ಅಕ್ಷರ ಉದುರಿಹೋಗುತ್ತೆ.

‘ಈಗ ಚಿಗಪ್ಪಗ ಫೋನ್ ಮಾಡು,’ ಅಂದೆ. ‘ಹನ್ನೆರಡು ಗುಂಟೆ ಎಲ್ಲಿ ಅಂತ ಕೇಳಬೇಡ. ಟ್ರಂಕಿನಾಗಿನ ಅಜ್ಜನ ಪತ್ರ ಪೂರ್ತಿ ಫೋಟೋ ತೆಗೆದು ಕಳ್ಸು ಚಿಗಪ್ಪ ಅಂತ ಕೇಳು. ಎಲ್ಲಾ ಹಾಳಿ, ಹಿಂದು ಮುಂದು ಎರಡೂ.’

ಸಂಜೆಗೆ ಆರು ಫೋಟೋ ಬಂದವು. ಪತ್ರ ಪೂರ್ತಿ ಬಂದಿದೆಯಾ ಅಂತ ನೋಡೋದು ಹೇಗೆ ಅಂದರೆ, ನೋಂದಣಿಯಾದ ಪತ್ರದ ಹಾಳೆಗಳ ಮೇಲೆ ದಸ್ತಾವೇಜಿನ ನಂಬರೂ ಅದು ಎಷ್ಟನೇ ಹಾಳೆ ಅನ್ನೋದೂ ಗುರುತಾಗಿರುತ್ತೆ. ಹಳೇ ಪತ್ರಗಳಲ್ಲಿ ಉಪನೋಂದಣಾಧಿಕಾರಿಯ ಮೊಹರು, ಹೆಬ್ಬೆಟ್ಟು, ಸಾಕ್ಷಿಗಳ ಗುರುತು, ಎಷ್ಟನೇ ಪುಸ್ತಕ, ಎಷ್ಟನೇ ಪುಟ ಅನ್ನೋದು ಸಾಮಾನ್ಯವಾಗಿ ಹಾಳೆಯ ಹಿಂಬದಿಯಲ್ಲಿರುತ್ತೆ. ಮುಂಬದಿ ಮಾತ್ರ ಕಳಿಸಿದರೆ ಅದು ನೋಂದಣಿಯಾದ ಪತ್ರವೋ, ಬರೀ ಬರೆದಿಟ್ಟ ಕಾಗದವೋ ಗೊತ್ತಾಗಲ್ಲ. ಚಿಗಪ್ಪ ಎಲ್ಲವನ್ನೂ ಕಳಿಸಿದ್ದರು. ಮೂರು ಹಾಳೆ, ಆರು ಬದಿ.

ಎರಡೂ ಕಾಗದ ಪಕ್ಕಪಕ್ಕ ಇಟ್ಟಾಗ ಮೊದಲು ಕಂಡದ್ದು ಜಿಲ್ಲೆಯ ಹೆಸರು. ಅಜ್ಜನ ಪತ್ರದಲ್ಲಿ ಬಳ್ಳಾರಿ ಜಿಲ್ಲೆ, ಕೂಡ್ಲಿಗಿ ತಾಲೂಕು. ಕರಡಿನಲ್ಲಿ ವಿಜಯನಗರ ಜಿಲ್ಲೆ, ಕೊಟ್ಟೂರು ತಾಲೂಕು. ನೋಡಲು ಬೇರೆ, ಜಾಗ ಅದೇ. ಕೊಟ್ಟೂರು ಈಚೆಗೆ ಕೂಡ್ಲಿಗಿಯಿಂದ ಬೇರೆಯಾಗಿ ತಾಲೂಕಾಯಿತು, ವಿಜಯನಗರ ಜಿಲ್ಲೆ 2021ರಲ್ಲಿ ಆಯಿತು. ಹರಪನಹಳ್ಳಿಯವರದು ಇನ್ನೂ ಉದ್ದದ ಕಥೆ. ಮೊದಲು ಬಳ್ಳಾರಿ, 1997ರಿಂದ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಅಲ್ಲಿನ ಒಂದೇ ಹೊಲದ ಕಾಗದಗಳಲ್ಲಿ ಮೂರು ಜಿಲ್ಲೆಯ ಹೆಸರು ಸಿಕ್ಕರೆ ಗಾಬರಿ ಬೀಳಬೇಡಿ. ಊರಿನ ಹೆಸರು ಮತ್ತು ಸರ್ವೆ ನಂಬರು ಹಿಡಿದು ನೋಡಬೇಕು.

ಆಮೇಲೆ ವಿಸ್ತೀರ್ಣ. ಅಜ್ಜನ ಪತ್ರದ ಷೆಡ್ಯೂಲಿನಲ್ಲಿ ನೀಲಿ ಶಾಯಿಯಲ್ಲಿ ಅಂಕಿಯಲ್ಲಿ 2-20, ಪಕ್ಕದಲ್ಲೇ ಅಕ್ಷರದಲ್ಲಿ ‘ಎರಡು ಎಕರೆ ಇಪ್ಪತ್ತು ಸೆಂಟು’. ಮುಗಿಯಿತು. ಹನ್ನೆರಡು ಗುಂಟೆ ಎಲ್ಲೂ ಹೋಗಿರಲಿಲ್ಲ, ಯಾಕಂದರೆ ಅದು ಯಾವತ್ತೂ ಇರಲೇ ಇಲ್ಲ.

ಹುಡುಗಿಗೆ ಹೇಳಿದೆ. ‘ಅಯ್ಯೋ, ಸದ್ಯ ನಾ ಚಿಗಪ್ಪಗ ಏನೂ ಅನ್ಲಿಲ್ಲ’ ಅಂದಳು. ಅವಳ ಮಟ್ಟಿಗೆ ಕೆಲಸ ಮುಗಿದಿತ್ತು. ನನ್ನ ಕೆಲಸ ಮುಗಿದಿರಲಿಲ್ಲ. ಯಾಕಂದರೆ ಷೆಡ್ಯೂಲಿನ ಚೆಕ್ಕುಬಂದಿ ಆದ ಮೇಲೆ ಅಜ್ಜನ ಪತ್ರದಲ್ಲಿ ಇನ್ನೂ ಎರಡು ಸಾಲು ಇದ್ದವು. ಪೂರ್ವಕ್ಕಿರುವ ಹೊಲದ ಉತ್ತರದ ಬದುವಿನ ಗುಂಟ ರಸ್ತೆಗೆ ಹೋಗುವ ಬಂಡಿ ದಾರಿಯ ಹಕ್ಕು. ಅದೇ ಹೊಲದಲ್ಲಿರುವ ಬಾವಿಯಲ್ಲಿ ಅರ್ಧ ಹಕ್ಕು. ಅಜ್ಜ ದುಡ್ಡು ಕೊಟ್ಟು ಕೊಂಡದ್ದು ನೆಲವನ್ನು ಮಾತ್ರ ಅಲ್ಲ, ನೆಲಕ್ಕೆ ಹೋಗುವ ದಾರಿಯನ್ನೂ ಅದಕ್ಕೆ ಬರುವ ನೀರನ್ನೂ ಕೊಂಡಿದ್ದರು.

ಕರಡಿನಲ್ಲಿ ಈ ಎರಡರ ಸುದ್ದಿಯೇ ಇಲ್ಲ.

ಇದರಲ್ಲಿ ಯಾರ ಮೋಸವೂ ಇರಲಿಲ್ಲ. ವಕೀಲರ ಕೈಗೆ ಈ ಮನೆಯವರು ಕೊಟ್ಟಿದ್ದು ಪಹಣಿ ಒಂದೇ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಕಂದಾಯ, ಮಾಲೀಕರ ಹೆಸರು, ಅವರಿಗೆ ಹೇಗೆ ಬಂತು ಅನ್ನೋ ಎಂ.ಆರ್. ನಂಬರು, ಸಾಲ ಋಣ, ಬೆಳೆ ಇರುತ್ತೆ. ನಾಲ್ಕು ದಿಕ್ಕಿನ ಚೆಕ್ಕುಬಂದಿ ಇರಲ್ಲ. ಪಕ್ಕದ ಹೊಲದ ಬದುವಿನ ಮೇಲಿನ ದಾರಿ, ಇನ್ನೊಬ್ಬರ ಬಾವಿಯಲ್ಲಿನ ಪಾಲು ಅದರಲ್ಲಿ ವಿವರವಾಗಿ ಸಿಗೋದು ಅಪರೂಪ. ಇದ್ದದ್ದನ್ನು ಅವರು ತಮ್ಮ ರೂಢಿಯ ಗುಂಟೆ ಲೆಕ್ಕಕ್ಕೆ ಸರಿಯಾಗಿಯೇ ತಂದಿದ್ದರು. ಇಲ್ಲದ್ದು ಅವರಿಗೆ ಗೊತ್ತಾಗೋದಾದರೂ ಹೇಗೆ? ಅವರೂ ಒಂದೇ ಕಾಗದ ನೋಡಿ ಕೆಲಸ ಮಾಡಿದವರು.

ನಾನು ಹೇಳಬೇಕು ಅಂದುಕೊಂಡ ಮಾತು ಇದೇ. ಒಂದೇ ಕಾಗದ ಇದ್ದಾಗ ಅದರಲ್ಲಿ ತಪ್ಪಿದ್ದರೆ ಎಷ್ಟೋ ಸಲ ಕಾಣುತ್ತೆ. ಕೂಡದ ಲೆಕ್ಕ, ತಿರುವುಮುರುವಾದ ದಿಕ್ಕು, ಒಂದೊಂದು ಕಡೆ ಒಂದೊಂದು ಥರ ಇರುವ ಹೆಸರು, ಇವು ಸಿಗ್ತವೆ. ಆದರೆ ಅದರಿಂದ ಬಿಟ್ಟುಹೋದದ್ದು ಕಾಣಲ್ಲ. ಬಿಟ್ಟುಹೋದ ಜಾಗದಲ್ಲಿ ಖಾಲಿ ಗೆರೆ ಇರಲ್ಲ, ಪ್ರಶ್ನೆಚಿಹ್ನೆ ಇರಲ್ಲ. ವಾಕ್ಯ ವಾಕ್ಯಕ್ಕೆ ಅಂಟಿಕೊಂಡು ನುಣ್ಣಗೆ ಓದಿಸಿಕೊಂಡು ಹೋಗುತ್ತೆ. ಅದು ಕಾಣೋದು ಇನ್ನೊಂದು ಕಾಗದವನ್ನು ಪಕ್ಕದಲ್ಲಿಟ್ಟು, ಅದರ ಸಾಲು ಸಾಲು ಹಿಡಿದು, ‘ಇದು ಆ ಕಡೆ ಎಲ್ಲಿ?’ ಅಂತ ಹುಡುಕಿದಾಗ ಮಾತ್ರ. ಅದಕ್ಕೇ ನಾನು ಹಳೇ ಪತ್ರದಿಂದ ಹೊಸ ಪತ್ರದ ಕಡೆ ಓದ್ತೀನಿ. ಹೊಸದರಿಂದ ಹಳೇದಕ್ಕೆ ಓದಿದರೆ ಹೊಸದರಲ್ಲಿ ಇರೋದನ್ನ ಮಾತ್ರ ಹುಡುಕ್ತೀವಿ, ಹಳೇದರಲ್ಲಿ ಉಳಿದದ್ದು ಅಲ್ಲೇ ಉಳಿಯುತ್ತೆ.

ಈ ಮನೆಯಲ್ಲಿ ಬಿಟ್ಟುಹೋದದ್ದರ ಪೆಟ್ಟು ಯಾರಿಗೆ? ಹುಡುಗಿಯ ಅಪ್ಪನಿಗೆ. ದಾರಿ, ಬಾವಿ ಎರಡೂ ಇರೋದು ಪೂರ್ವಕ್ಕೆ, ಪೂರ್ವದ ಭಾಗ ಚಿಗಪ್ಪನದು. ಪಶ್ಚಿಮದ ಭಾಗಕ್ಕೆ ಹೋಗಬೇಕಾದರೆ ಚಿಗಪ್ಪನ ಭಾಗ ದಾಟಲೇಬೇಕು. ಅಣ್ಣ ತಮ್ಮ ಇರೋತನಕ ಕಾಗದ ಯಾರೂ ಕೇಳಲ್ಲ. ನಾಳೆ ಆ ಭಾಗ ಬೇರೆಯವರಿಗೆ ಮಾರಾಟವಾದರೆ ಅವರು ಬೇಲಿ ಹಾಕುವ ಮೊದಲು ನೋಡೋದು ಕಾಗದವನ್ನೇ. ಆಗ ಕೋರ್ಟಿಗೆ ಹೋಗಿ 1971ರ ಪತ್ರ ತೋರಿಸಿ ವಾದ ಮಾಡಬಹುದು. ಆದರೆ ಈಗ ಒಂದು ಸಾಲಿನಲ್ಲಿ ಆಗೋ ಕೆಲಸಕ್ಕೆ ಆಗ ವರ್ಷಗಟ್ಟಲೆ ಅಲೆಯಬೇಕು.

ನಾನೇ ಚಿಗಪ್ಪನಿಗೆ ಫೋನ್ ಮಾಡಿ ಹೇಳಿದೆ. ‘ಅದರಾಗೇನೈತಿ ಬಿಡ್ರಿ, ಈಗೂ ಅಣ್ಣನ ಹೊಲದ ಬಂಡಿ ಅಲ್ಲೇ ಹೋಗ್ತಾವು. ಬರ್ಕೊಳ್ರಿ,’ ಅಂದರು. ಕರಡಿಗೆ ಮೂರು ತಿದ್ದುಪಡಿ ಆದವು. ಅಜ್ಜನ ಕ್ರಯಪತ್ರದ ನಂಬರು, ತಾರೀಖು, ನೋಂದಣಿ ಕಚೇರಿ ಸೇರಿದವು. ಪೂರ್ವದ ಭಾಗದ ಉತ್ತರದ ಬದುವಿನ ಗುಂಟ ಪಶ್ಚಿಮದ ಭಾಗಕ್ಕೆ ಹತ್ತು ಅಡಿ ಅಗಲದ ದಾರಿ ಅಂತ ಸೇರಿತು. ಬಾವಿಯ ಅರ್ಧ ಹಕ್ಕಿನಲ್ಲಿ ಇಬ್ಬರಿಗೂ ಸಮಪಾಲು ಅಂತ ಸೇರಿತು. ವಿಸ್ತೀರ್ಣದ ಜಾಗದಲ್ಲಿ ಗುಂಟೆಯ ಪಕ್ಕ ಸೆಂಟನ್ನೂ ಬರೆಸಿದೆ, ಮುಂದೆ ಇನ್ನೊಬ್ಬ ಮೊಮ್ಮಗಳಿಗೆ ಅದೇ ಅನುಮಾನ ಬರದಿರಲಿ ಅಂತ. ಸಹಿಗೆ ಮುಂಚೆ ಆದ್ದರಿಂದ ಒಂದು ಪುಟ ಮತ್ತೆ ಪ್ರಿಂಟ್ ತೆಗೆದರೆ ಆಯಿತು. ನೋಂದಣಿ ಆದ ಮೇಲಾಗಿದ್ದರೆ ತಿದ್ದುಪಡಿ ಪತ್ರ ಮಾಡಿಸಿ, ಎಲ್ಲ ಪಾಲುದಾರರೂ ಮತ್ತೆ ಬಂದು ಸಹಿ ಹಾಕಬೇಕಿತ್ತು.

ಎರಡು ಕಾಗದ ತಾಳೆಯಾದರೂ ಇನ್ನೊಂದು ಮಿತಿ ಉಂಟು. 1971ಕ್ಕೂ ಇವತ್ತಿಗೂ ನಡುವೆ ಐವತ್ತಕ್ಕೂ ಹೆಚ್ಚು ವರ್ಷ ಇದೆ. ಆ ನಡುವೆ ಅಡಮಾನವೋ, ಸ್ವಲ್ಪ ಭಾಗದ ಮಾರಾಟವೋ ಆಗಿದ್ದರೆ ಈ ಎರಡು ಕಾಗದಗಳಲ್ಲಿ ಯಾವುದೂ ಹೇಳಲ್ಲ. ಅದಕ್ಕೆ ಋಣಭಾರ ಪತ್ರ ಬೇಕು, ಎಲ್ಲರೂ ಇ.ಸಿ. ಅಂತ ಕರೆಯೋದು. ನೀವು ಕೇಳಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರ ಇದ್ದರೆ ನಮೂನೆ 15ರಲ್ಲಿ ಬರುತ್ತೆ, ಇಲ್ಲದಿದ್ದರೆ ನಮೂನೆ 16. ನೋಂದಣಿಯಾಗದ ಬಾಯಿಮಾತಿನ ವ್ಯವಹಾರ ಅದರಲ್ಲೂ ಬರಲ್ಲ. ಈ ಮನೆಯ ಇ.ಸಿ.ಯಲ್ಲಿ ಅಂಥದ್ದೇನೂ ಇರಲಿಲ್ಲ.

‘ನಮ್ಮನೆ ಟ್ರಂಕಿನಾಗ ಅಜ್ಜನ ಪತ್ರನೇ ಇಲ್ಲ, ಗೆದ್ದಲು ತಿಂದೈತಿ’ ಅನ್ನುವವರೂ ಇದ್ದಾರೆ. ಅದು ನೋಂದಣಿಯಾಗಿದ್ದರೆ ಕಳೆದುಹೋಗಿಲ್ಲ. ಸ್ಥಿರಾಸ್ತಿಯ ಪತ್ರಗಳ ನಕಲು ಉಪನೋಂದಣಿ ಕಚೇರಿಯ 1ನೇ ಪುಸ್ತಕದಲ್ಲಿರುತ್ತೆ. ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಶುಲ್ಕ ಕಟ್ಟಿ ಅದರ ದೃಢೀಕೃತ ನಕಲು ಪಡೆಯಬಹುದು. ಇ.ಸಿ.ಯಲ್ಲಿ ದಸ್ತಾವೇಜಿನ ನಂಬರು ಸಿಗುತ್ತೆ. ಈಚಿನ ವರ್ಷಗಳದ್ದು ಕಾವೇರಿ ಆನ್‌ಲೈನಿನಲ್ಲಿ ಸಿಕ್ಕೀತು. 1971ರಷ್ಟು ಹಳೆಯದಕ್ಕೆ ಕಚೇರಿಗೇ ಅರ್ಜಿ ಕೊಟ್ಟು ಕೈಯಿಂದ ಹುಡುಕಿಸಬೇಕಾಗುತ್ತೆ. ಹಳೇ ಪತ್ರ ಯಾವ ಕಚೇರಿಯಲ್ಲಿ ನೋಂದಣಿಯಾಗಿತ್ತು ಅನ್ನೋದನ್ನ ಮೊದಲು ಮನೆಯ ಹಿರಿಯರಲ್ಲಿ ವಿಚಾರಿಸಿಕೊಂಡು ಹೋಗಿ.

ಇಷ್ಟಾದ ಮೇಲೆ ನನಗಾಗಲಿ, ನಿಮ್ಮ ವಕೀಲರಿಗಾಗಲಿ ಕಾಗದ ಕಳಿಸುವಾಗ ಮೆಸೇಜಿನಲ್ಲಿ ಎರಡೇ ಸಾಲು ಹಾಕಿ. ‘ಒಂದು: 1971ರ ಕ್ರಯಪತ್ರ, 6 ಫೋಟೋ. ಎರಡು: ವಿಭಾಗ ಪತ್ರದ ಕರಡು, 4 ಪುಟ.’ ಹೀಗೆ ಬರೆಯೋವಾಗಲೇ ನಿಮಗೆ ಗೊತ್ತಾಗಿಬಿಡುತ್ತೆ, ಎರಡನೇದು ಲಗತ್ತಾಗಿದೆಯೋ ಇಲ್ಲವೋ ಅಂತ. ಫೋಟೋವನ್ನು ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ವಾಟ್ಸಾಪು ಕುಗ್ಗಿಸಿ, ಹಳೇ ಶಾಯಿಯ ಅಕ್ಷರ ಮಸುಕಾಗಿ, ಸೆಂಟೋ ಗುಂಟೆಯೋ ಅನ್ನೋದು ಮತ್ತೆ ಅನುಮಾನಕ್ಕೆ ಬೀಳುತ್ತೆ.

ಒಂದೇ ಕಾಗದ ನೋಡಿ ‘ಎಲ್ಲಾ ಸರಿ ಐತಿ’ ಅಂತ ಯಾರಾದರೂ ಅಷ್ಟೇ ಬೇಗ ಉತ್ತರ ಕೊಟ್ಟರೆ, ಸಹಿ ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ: ‘ಇನ್ನೊಂದು ಕಾಗದ ಎಲ್ಲಿ ನೋಡಿದ್ರಿ?’